ಟ್ರಯಲ್ ಬ್ಯಾಲೆನ್ಸ್‌ನಲ್ಲಿ 8,730 ವ್ಯತ್ಯಾಸ, ಸಸ್ಪೆನ್ಸ್‌ಗೆ ಹಾಕಿಟ್ಟಿದೀನಿ, ಎಲ್ಲಿಂದ ಹುಡುಕಲಿ?

ತೆಂಗಿನತೋಟ_ಹುಡುಗ

ಎಲ್ರಿಗೂ ನಮಸ್ಕಾರ. ತಿಪಟೂರು ಕಡೆ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರಿಯೋಕೆ ಜನವರೀಲಿ ಸೇರಿದೆ. ಬಿಲ್ ಮಾತ್ರ ಕಂಪ್ಯೂಟರ್‌ನಲ್ಲಿ ಆಗತ್ತೆ, ಮಿಕ್ಕಿದ್ದೆಲ್ಲ ಕೈಬರಹ, ಯಜಮಾನ್ರು ಅವರಪ್ಪನ ಕಾಲದಿಂದ ಹಂಗೇ ಬಂದಿದೆ ಹಂಗೇ ಇರಲಿ ಅಂತಾರೆ. ಸೇಲ್ಸ್ ಬುಕ್, ಪರ್ಚೇಸ್ ಬುಕ್, ರಿಟರ್ನ್ಸ್ ಬುಕ್, ಮೂರು ಕಾಲಂ ಕ್ಯಾಶ್ ಬುಕ್, ಉದ್ರಿ ಗಿರಾಕಿಗಳದ್ದು ಎರಡು ದಪ್ಪ ಲೆಡ್ಜರ್, ಒಂದು ಜನರಲ್ ಲೆಡ್ಜರ್, ಇಷ್ಟಿದೆ.

ಮಾರ್ಚ್ 31ಕ್ಕೆ ಟ್ರಯಲ್ ಬ್ಯಾಲೆನ್ಸ್ ತೆಗೆದೆ. ಡೆಬಿಟ್ 61,27,415, ಕ್ರೆಡಿಟ್ 61,36,145. ಡೆಬಿಟ್ ಕಡೆ 8,730 ಕಮ್ಮಿ ಬಿದ್ದಿದೆ. ಸದ್ಯಕ್ಕೆ ಸಸ್ಪೆನ್ಸ್ ಅಂತ ಡೆಬಿಟ್‌ನಲ್ಲಿ ಹಾಕಿ ಟೋಟಲ್ ಸರಿ ಮಾಡಿದೀನಿ, ಆದ್ರೆ ಆಡಿಟರ್ ಆಫೀಸಿನವರು ಇದನ್ನ ಹೀಗೇ ತಂದ್ರೆ ತಗೊಳಲ್ಲ, ಕ್ಲಿಯರ್ ಮಾಡ್ಕೊಂಡು ಬನ್ನಿ ಅಂದ್ರು. ಎರಡು ದಿನ ಕೂತು ಪುಟ ತಿರುವಿದ್ದೇ ಬಂತು, ಒಂದೂ ಸಿಕ್ಕಿಲ್ಲ. ವರ್ಷದ ಎಂಟ್ರಿ ಎಲ್ಲ ಮೊದಲಿಂದ ಟಿಕ್ ಹಾಕ್ಕೊಂಡು ಬರೋದು ಬಿಟ್ಟು ಬೇರೆ ದಾರಿ ಇದ್ಯಾ?

ಬಿಕಾಂ_ಬಾಯ್

ಗುರೂ ಇದು ಸಿಂಪಲ್. 8,730ನ 9ರಿಂದ ಭಾಗಿಸು, 970 ಸರಿಯಾಗಿ ಬರತ್ತೆ, ಶೇಷ ಇಲ್ಲ. 9ರಿಂದ ಭಾಗ ಆದ್ರೆ ಅಂಕಿ ಅದಲುಬದಲಾಗಿದೆ ಅಥವಾ ಒಂದು ಸೊನ್ನೆ ಬಿಟ್ಟುಹೋಗಿದೆ ಅಂತ ಅರ್ಥ, ಕಾಲೇಜಲ್ಲಿ ನಮ್ ಸರ್ ಹೇಳಿಕೊಟ್ಟಿದ್ರು. 9,700 ಬರೆಯೋ ಕಡೆ 970 ಅಂತ ಬರ್ದಿದೀಯ ಅಷ್ಟೇ, ವ್ಯತ್ಯಾಸ ಕರೆಕ್ಟಾಗಿ 8,730. ಡೆಬಿಟ್ ಸೈಡಲ್ಲಿ 970 ಎಲ್ಲಿದೆ ಹುಡುಕು, ಅರ್ಧ ಗಂಟೆ ಕೆಲಸ.

ತೆಂಗಿನತೋಟ_ಹುಡುಗ

ಅಯ್ಯೋ ನಿಜ ಅಲ್ವಾ, ಇದು ಹೊಳೀಲೇ ಇಲ್ಲ. ಈಗ್ಲೇ ನೋಡ್ತೀನಿ.

ಸಂಘದ_ಗುಮಾಸ್ತ

ನಮ್ಮ ಹಾಲಿನ ಸಂಘದಲ್ಲೂ ಸಸ್ಪೆನ್ಸ್ ಖಾತೆ ಇದೆ ಸಾರ್, ನಮ್ಮದು 14,200. ಬ್ಯಾಂಕ್ ಖಾತೆಗೆ ಯಾರೋ ದುಡ್ಡು ಹಾಕಿದಾರೆ, ಯಾರು ಅಂತ ಗೊತ್ತಾಗ್ತಿಲ್ಲ, ಅದಕ್ಕೆ ಸಸ್ಪೆನ್ಸ್‌ನಲ್ಲಿ ಇಟ್ಟಿದೀವಿ. ನಿಮ್ಮದೂ ಹಂಗೇ ಇರಬಹುದು, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಒಂದೊಂದೇ ನೋಡಿ, ಯುಟಿಆರ್ ನಂಬರ್ ಕೊಟ್ರೆ ಬ್ಯಾಂಕಿನವರು ಕಳಿಸಿದವರ ಹೆಸರು ಹೇಳ್ತಾರೆ.

ಹಳೇ_ಖತಾವಣಿ

ಸಂಘದವರೇ, ನಿಮ್ಮದು ಬೇರೆ ಇವರದ್ದು ಬೇರೆ. ಹೆಸರು ಒಂದೇ ಆಗಿರೋದ್ರಿಂದ ಗೊಂದಲ ಆಗತ್ತೆ. ನಿಮ್ಮಲ್ಲಿ ಬ್ಯಾಂಕ್ ಡೆಬಿಟ್ ಆಗಿದೆ ಸಸ್ಪೆನ್ಸ್ ಕ್ರೆಡಿಟ್ ಆಗಿದೆ, ಎರಡೂ ಕಡೆ ಬಿದ್ದಿದೆ, ಟ್ರಯಲ್ ಬ್ಯಾಲೆನ್ಸ್ ತಾಳೆ ಆಗೇ ಇರತ್ತೆ. ಯಾರ ದುಡ್ಡು ಅನ್ನೋದೊಂದೇ ಗೊತ್ತಿಲ್ಲ. ಈ ಹುಡುಗನ ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಬಿದ್ದು ಇನ್ನೊಂದು ಕಡೆ ಬಿದ್ದಿಲ್ಲ, ಇಲ್ಲ ತಪ್ಪಾಗಿ ಬಿದ್ದಿದೆ, ಅದಕ್ಕೇ ತಾಳೆ ಆಗ್ತಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಎಷ್ಟು ನೋಡಿದ್ರೂ ಇದು ಸಿಗಲ್ಲ.

ಹುಡುಗ, 970 ಸಿಕ್ತಾ?

ತೆಂಗಿನತೋಟ_ಹುಡುಗ

ಸಿಕ್ತು ಸರ್, ಲಾರಿ ಬಾಡಿಗೆ ಖಾತೇಲಿ ಆಗಸ್ಟ್‌ನಲ್ಲಿ 970 ಇದೆ. ಖುಷಿಯಾಗಿ ಕ್ಯಾಶ್ ಬುಕ್ ತೆಗೆದ್ರೆ ಅಲ್ಲೂ 970. ವೋಚರ್ ಕೂಡ 970ನೇ. ಹೋಯ್ತು.

ಬಿಕಾಂ_ಬಾಯ್

ವೋಚರೇ ತಪ್ಪು ಬರ್ದಿರಬಹುದು ಕಣೋ, ಡ್ರೈವರ್‌ನ ಕೇಳು. 9 ಸಾವಿರದ ಮೇಲಿನ ಬಾಡಿಗೆನೇ ಇದ್ದಿರತ್ತೆ.

ಹಳೇ_ಖತಾವಣಿ

ತಮ್ಮಾ, ವೋಚರ್ ತಪ್ಪಿದ್ರೂ ಟ್ರಯಲ್ ಬ್ಯಾಲೆನ್ಸ್‌ಗೆ ಏನೂ ಆಗಲ್ಲ. ಕ್ಯಾಶ್ ಬುಕ್‌ನಲ್ಲೂ 970, ಬಾಡಿಗೆ ಖಾತೇಲೂ 970, ಎರಡೂ ಕಡೆ ಒಂದೇ ತಪ್ಪು ಅಂದ್ರೆ ತಾಳೆ ಆಗೇ ಆಗತ್ತೆ. ನಾವು ಹುಡುಕ್ತಿರೋದು ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರೋದನ್ನ.

ನಿಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಆದ್ರೆ ನೀವು ತಿರುಗಾಮುರುಗಾ ಹಿಡ್ಕೊಂಡಿದೀರಿ. ಅಂಕಿ ಅದಲುಬದಲಾದ್ರೆ ವ್ಯತ್ಯಾಸ 9ರಿಂದ ಭಾಗ ಆಗತ್ತೆ, ಹೌದು. 9ರಿಂದ ಭಾಗ ಆಗಿದ್ದಕ್ಕೆ ಅಂಕಿ ಅದಲುಬದಲಾಗಿದೆ ಅನ್ನೋಕಾಗಲ್ಲ, ಯಾವುದೇ ಒಂಬತ್ತು ಸಂಖ್ಯೆ ಸಾಲಾಗಿ ತಗೊಳಿ, ಅದರಲ್ಲೊಂದು 9ರಿಂದ ಭಾಗ ಆಗೇ ಆಗತ್ತೆ. ಇನ್ನೂ ಒಂದು ನೋಡಿ, ಪಕ್ಕಪಕ್ಕದ ಎರಡು ಅಂಕಿ ತಿರುವುಮುರುವಾಗಿದ್ರೆ 9ರಿಂದ ಭಾಗಿಸಿದ ಉತ್ತರ 3, 40, 100, 700 ಹಿಂಗೆ ಒಂದೇ ಅಂಕಿ, ಅದರ ಹಿಂದೆ ಸೊನ್ನೆ ಬರಬೇಕು. ಇಲ್ಲಿ 970 ಬಂದಿದೆ. ಹಂಗಾಗಿ ಅದಲುಬದಲು ಒಂದೇ ಇದಕ್ಕೆ ಕಾರಣ ಅಲ್ಲ. ಸೊನ್ನೆ ಬಿಟ್ಟಿರೋ ಸಾಧ್ಯತೆ ಇತ್ತು, ಅದನ್ನ ನೀವು ನೋಡಿ ಮುಗಿಸಿದೀರಿ.

ತೆಂಗಿನತೋಟ_ಹುಡುಗ

ಅರ್ಧ ಮಾಡಿ 4,365ನೂ ಹುಡುಕಿದೆ ಸರ್, ಒಂದೂ ಎಂಟ್ರಿ ಇಲ್ಲ.

ಹಳೇ_ಖತಾವಣಿ

ಸರಿ. ಒಂದೇ ತಪ್ಪಿದ್ರೆ ಈ ಅರ್ಧ ಮಾಡೋದು, ಒಂಬತ್ತರಿಂದ ಭಾಗಿಸೋದು ಎಲ್ಲ ಕೆಲಸ ಮಾಡತ್ತೆ. ವರ್ಷಪೂರ್ತಿ ಕೈಯಲ್ಲಿ ಬರೆದ ಪುಸ್ತಕದಲ್ಲಿ ಒಂದೇ ತಪ್ಪು ಇರೋದು ಅಪರೂಪ. ಎರಡು ಮೂರು ತಪ್ಪು ಸೇರಿ, ಕೆಲವು ಡೆಬಿಟ್ ಕಮ್ಮಿ ಮಾಡಿ ಕೆಲವು ಜಾಸ್ತಿ ಮಾಡಿ, ಕೊನೆಗೆ ಉಳಿದದ್ದು 8,730 ಆಗಿರತ್ತೆ. ಆ ಸಂಖ್ಯೇನ ಎಷ್ಟು ಗುದ್ದಿದ್ರೂ ಅದು ಏನೂ ಹೇಳಲ್ಲ. ಮೊದ್ಲು ಅದನ್ನ ಒಡೀಬೇಕು.

ಎಲ್ಲಾ ಎಂಟ್ರಿ ಟಿಕ್ ಹಾಕೋದು ಕೊನೇ ದಾರಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳ್ಕೊಳಿ. ಒಂದು ವ್ಯವಹಾರದ ಎರಡು ಕಡೆನ ಎರಡು ಬೇರೆ ಬೇರೆ ದಿನ, ಬೇರೆ ಬೇರೆ ಕೆಲಸವಾಗಿ ಬರೆಯೋದು ನಿಮ್ಮ ಪುಸ್ತಕದಲ್ಲಿ ಎಲ್ಲೆಲ್ಲಿ? ಸೇಲ್ಸ್ ಬುಕ್‌ನಿಂದ ಗಿರಾಕಿ ಖಾತೆಗೆ ದಿನಾ ಬಿಲ್ ಬಿಲ್ ಹತ್ತಿಸ್ತೀರಿ, ಸೇಲ್ಸ್ ಖಾತೆಗೆ ಮಾತ್ರ ತಿಂಗಳ ಕೊನೇಲಿ ಟೋಟಲ್ ಒಂದೇ ಸಲ ಹಾಕ್ತೀರಿ. ಪರ್ಚೇಸ್, ರಿಟರ್ನ್ಸ್ ಎಲ್ಲ ಹಂಗೇ. ಒಂದು ಕಡೆ ತಪ್ಪಿ ಇನ್ನೊಂದು ಕಡೆ ಸರಿ ಇರೋಕೆ ಸಾಧ್ಯ ಇರೋದು ಇಂಥ ಜಾಗದಲ್ಲೇ. ಹಂಗಾಗಿ ಮೊದ್ಲು ಇಷ್ಟು ಮಾಡಿ, ಒಂದು ಮಧ್ಯಾಹ್ನದ ಕೆಲಸ: ಟ್ರಯಲ್ ಬ್ಯಾಲೆನ್ಸ್ ಹಾಳೆ ಇನ್ನೊಂದು ಸಲ ಕೂಡಿ, ಲೆಡ್ಜರ್ ಬಾಕಿ ಹಾಳೆಗೆ ಇಳಿಸುವಾಗ ಯಾವ್ದಾದ್ರೂ ಬಿಟ್ಟಿದೀರಾ ಇಲ್ಲ ಕಡೆ ತಪ್ಪಿಸಿದೀರಾ ನೋಡಿ, ಆಮೇಲೆ ಹೋದ ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕಕ್ಕಿಟ್ಟು ಏಪ್ರಿಲ್ 1ರ ಆರಂಭದ ಬಾಕಿ ಹೋಲಿಸಿ. ಇದ್ರಲ್ಲೇ ಸಿಕ್ಕಿದ್ರೆ ಪುಣ್ಯ. ಸಿಗದಿದ್ರೆ ಗಿರಾಕಿ ಖಾತೆ ಮುಟ್ಟಬೇಡಿ, ಬರೀ ತಿಂಗಳ ಟೋಟಲ್‌ಗಳನ್ನ ಜನರಲ್ ಲೆಡ್ಜರ್ ಜೊತೆ ಹೋಲಿಸಿ. ಕ್ಯಾಶ್ ಬುಕ್‌ನ ಡಿಸ್ಕೌಂಟ್ ಕಾಲಂನಿಂದ ಶುರು ಮಾಡಿ.

ಪಿಯು_ಕಾಮರ್ಸ್_2

ಸರ್ ಡಿಸ್ಕೌಂಟ್ ಕಾಲಮ್ಮೇ ಯಾಕೆ ಮೊದ್ಲು? ನಮ್ಮ ಎಕ್ಸಾಮಲ್ಲೂ ಈ ಚಾಪ್ಟರ್ ಇದೆ.

ಹಳೇ_ಖತಾವಣಿ

ನಗದು ಕಾಲಂ, ಬ್ಯಾಂಕ್ ಕಾಲಂ ಎರಡಕ್ಕೂ ಕಾವಲು ಇದೆಯಮ್ಮ. ನಗದು ತಪ್ಪಿದ್ರೆ ಗಲ್ಲಾಪೆಟ್ಟಿಗೆ ಎಣಿಸಿದಾಗ ಗೊತ್ತಾಗತ್ತೆ, ಬ್ಯಾಂಕ್ ತಪ್ಪಿದ್ರೆ ಪಾಸ್‌ಬುಕ್ ಹೇಳತ್ತೆ. ಡಿಸ್ಕೌಂಟ್ ಕಾಲಂಗೆ ಯಾರೂ ದಿಕ್ಕಿಲ್ಲ. ಅದನ್ನ ಬ್ಯಾಲೆನ್ಸ್ ಮಾಡಲ್ಲ, ಸುಮ್ನೆ ಟೋಟಲ್ ಹಾಕಿ, ಎಡಗಡೆ ಟೋಟಲ್ ನಾವು ಕೊಟ್ಟ ಡಿಸ್ಕೌಂಟ್ ಖಾತೆಗೆ ಡೆಬಿಟ್ಟು, ಬಲಗಡೆ ಟೋಟಲ್ ನಮಗೆ ಬಂದ ಡಿಸ್ಕೌಂಟ್ ಖಾತೆಗೆ ಕ್ರೆಡಿಟ್ಟು. ತಿಂಗಳ ಕೊನೇಲಿ ಸುಸ್ತಾಗಿ ಕೂತಾಗ ಮಾಡೋ ಕೆಲಸ. ನಾನು ನೌಕರಿ ಮಾಡಿದಷ್ಟು ವರ್ಷದಲ್ಲಿ ಇದು ಅದಲುಬದಲಾಗಿದ್ದು ಎಷ್ಟು ಸಲ ನೋಡಿದೀನೋ ಲೆಕ್ಕ ಇಟ್ಟಿಲ್ಲ.

ಟ್ಯಾಲಿರಾಣಿ

ನಿಮ್ಮ ಸಹನೆಗೆ ಕೈ ಮುಗೀಬೇಕು. ಟ್ಯಾಲಿ ಹಾಕಿಸಿ ಅಂತ ಯಜಮಾನ್ರಿಗೆ ಹೇಳಿ ಪ್ಲೀಸ್, ಅದರಲ್ಲಿ ಡೆಬಿಟ್ ಕ್ರೆಡಿಟ್ ಸಮ ಆಗದೆ ವೋಚರ್ ಸೇವೇ ಆಗಲ್ಲ, ಈ ಸಸ್ಪೆನ್ಸ್ ತಲೆನೋವೇ ಇರಲ್ಲ.

ಮೈಸೂರ್_ಅಕೌಂಟ್ಸ್

ಇರಲ್ಲ ಅನ್ನಬೇಡಿ ಮೇಡಂ. ಹೋದ ವರ್ಷ ನಾವು ಕೈಪುಸ್ತಕದಿಂದ ಟ್ಯಾಲಿಗೆ ಹೋದ್ವಿ, ಮೊದಲ ದಿನವೇ ಬ್ಯಾಲೆನ್ಸ್ ಶೀಟ್ ಕೆಳಗೆ Difference in opening balances ಅಂತ 36,000 ಕೂತಿತ್ತು. ನಾನು ಜರ್ನಲ್ ಹಾಕಿ ತೆಗೀಬಹುದು ಅಂದ್ಕೊಂಡು ಎರಡು ಮೂರು ಥರ ಹಾಕಿದೆ, ಅದು ಅಲ್ಲಾಡ್ಲೇ ಇಲ್ಲ. ಆಗೋದೂ ಇಲ್ಲ, ಯಾಕಂದ್ರೆ ಜರ್ನಲ್‌ನಲ್ಲಿ ಎರಡೂ ಕಡೆ ಸಮವಾಗೇ ಬೀಳತ್ತಲ್ಲ. ಕೊನೆಗೆ ನೋಡಿದ್ರೆ ಅಂಗಡಿ ಬಾಡಿಗೆ ಅಡ್ವಾನ್ಸ್ 18,000 ಕೊಟ್ಟಿದ್ದನ್ನ ಲೆಡ್ಜರ್ ಮಾಡುವಾಗ ಡೆಬಿಟ್ ಬದಲು ಕ್ರೆಡಿಟ್ ಅಂತ ಹೊಡೆದಿದ್ರು. 18 ಎರಡು ಸಲ, 36. ಲೆಡ್ಜರ್ ಆಲ್ಟರ್ ಮಾಡಿ Dr ಮಾಡಿದ ತಕ್ಷಣ ಮಾಯ. ವೋಚರ್ ಹಾಕುವಾಗ ಟ್ಯಾಲಿ ತಡೆಯತ್ತೆ, ಆರಂಭದ ಬಾಕಿ ಹಾಕುವಾಗ ತಡೆಯಲ್ಲ.

ಟ್ಯಾಲಿರಾಣಿ

ಹೌದು ಅದೊಂದಿದೆ, ಒಪ್ಕೊಂಡೆ. ನಮ್ಮ ಒಬ್ರು ಕ್ಲೈಂಟ್ ಸಸ್ಪೆನ್ಸ್ ಅಂತ ಲೆಡ್ಜರ್ ಮಾಡಿ ಅದಕ್ಕೇ ಆರಂಭದ ಬಾಕಿ ಕೊಟ್ಟು ಮುಚ್ಚಿಟ್ಟಿದ್ರು, ನಾಲ್ಕು ವರ್ಷ ಹಂಗೇ ಓಡ್ತು.

ತೆಂಗಿನತೋಟ_ಹುಡುಗ

ಸರ್!!! ಸಿಕ್ತು ಒಂದು. ಹಾಳೆ ಟೋಟಲ್, ಆರಂಭದ ಬಾಕಿ ಎಲ್ಲ ಸರಿ ಇತ್ತು. ಆಮೇಲೆ ನೀವು ಹೇಳಿದಂಗೆ ಡಿಸ್ಕೌಂಟ್ ಖಾತೆ ಎರಡೂ ತೆಗೆದು ಪಕ್ಕಪಕ್ಕ ಇಟ್ಟೆ. ಮೊತ್ತ ನೋಡೋಕೂ ಮುಂಚೆ ಸಾಲು ಎಣಿಸಿದೆ, ಕೊಟ್ಟ ಡಿಸ್ಕೌಂಟ್‌ನಲ್ಲಿ 11 ಪೋಸ್ಟಿಂಗ್, ಬಂದ ಡಿಸ್ಕೌಂಟ್‌ನಲ್ಲಿ 13. ವರ್ಷಕ್ಕೆ ಹದಿಮೂರು ತಿಂಗಳು ಎಲ್ಲಿಂದ ಬಂತು ಅಂತ ನೋಡಿದ್ರೆ ಜನವರಿ ಎರಡು ಸಲ ಇದೆ, 1,280 ಒಂದು, 4,150 ಇನ್ನೊಂದು. ಕ್ಯಾಶ್ ಬುಕ್ ನೋಡಿದೆ, ಬಲಗಡೆ ಟೋಟಲ್ 1,280, ಎಡಗಡೆ 4,150. ಗಿರಾಕಿಗಳಿಗೆ ಕೊಟ್ಟ ಡಿಸ್ಕೌಂಟ್‌ನ ನಮಗೇ ಬಂದ ಡಿಸ್ಕೌಂಟ್ ಅಂತ ಕ್ರೆಡಿಟ್ ಮಾಡಿದೆ.

ಇನ್ನೊಂದು ವಿಷ್ಯ, ಜನವರಿ ನಾನು ಸೇರಿದ ತಿಂಗಳು. ಅಕ್ಷರ ನಂದೇ.

ಗಿರಾಕಿಗಳ ಖಾತೇಲಿ ಡಿಸ್ಕೌಂಟ್ ಸರಿಯಾಗೇ ಜಮಾ ಆಗಿದೆ. ಈಗ ತಿದ್ದುಪಡಿ 4,150ಗಾ ಇಲ್ಲ ಡಬಲ್ಲಾ?

ಬಿಕಾಂ_ಬಾಯ್

ತಪ್ಪು ಕಡೆ ಹಾಕಿದ್ರೆ ಡಬಲ್, ಇದು ಪಕ್ಕಾ. ಕೊಟ್ಟ ಡಿಸ್ಕೌಂಟ್ ಖಾತೆಗೆ 8,300 ಡೆಬಿಟ್ ಮಾಡಿ ಸಸ್ಪೆನ್ಸ್ ಕ್ರೆಡಿಟ್ ಮಾಡು.

ಹಳೇ_ಖತಾವಣಿ

ಮೊತ್ತ ಸರಿ, ಖಾತೆ ಅರ್ಧ ತಪ್ಪು. ಒಂದೇ ಖಾತೇಲಿ ಡೆಬಿಟ್ ಬದಲು ಕ್ರೆಡಿಟ್ ಬಿದ್ದಿದ್ರೆ ಅದೇ ಖಾತೆಗೆ ಡಬಲ್ ಹಾಕ್ತೀವಿ. ಇಲ್ಲಿ ಎರಡು ಖಾತೆ ಕೆಟ್ಟಿದೆ. ಕೊಟ್ಟ ಡಿಸ್ಕೌಂಟ್‌ಗೆ ಬರಬೇಕಿದ್ದ 4,150 ಬಂದಿಲ್ಲ, ಬಂದ ಡಿಸ್ಕೌಂಟ್‌ಗೆ ಬರಬಾರದ 4,150 ಬಂದಿದೆ. ಹಂಗಾಗಿ:

ಕೊಟ್ಟ ಡಿಸ್ಕೌಂಟ್ ಖಾತೆ ಡೆಬಿಟ್ 4,150
ಬಂದ ಡಿಸ್ಕೌಂಟ್ ಖಾತೆ ಡೆಬಿಟ್ 4,150
ಸಸ್ಪೆನ್ಸ್ ಖಾತೆ ಕ್ರೆಡಿಟ್ 8,300

ನೀವು ಹೇಳಿದಂಗೆ ಮಾಡಿದ್ರೂ ಸಸ್ಪೆನ್ಸ್ ಇಳಿಯತ್ತೆ, ಲಾಭನೂ ಅಷ್ಟೇ ಬರತ್ತೆ, ಆದ್ರೆ ಎರಡು ಡಿಸ್ಕೌಂಟ್ ಖಾತೇನೂ ಸುಳ್ಳು ಹೇಳ್ತಾವೆ. ನಾಳೆ ಯಜಮಾನ್ರು ಈ ವರ್ಷ ಗಿರಾಕಿಗಳಿಗೆ ಎಷ್ಟು ಬಿಟ್ವಿ ಅಂತ ಕೇಳಿದ್ರೆ 4,150 ಜಾಸ್ತಿ ಹೇಳ್ಬೇಕಾಗತ್ತೆ.

ಅಕ್ಷರ ನಂದೇ ಅಂತ ಬೇಜಾರು ಬೇಡ. ಉಳಿದದ್ದು ಎಷ್ಟು?

ತೆಂಗಿನತೋಟ_ಹುಡುಗ

430 ಸರ್, ಇನ್ನೂ ಡೆಬಿಟ್ ಕಮ್ಮೀನೇ. 9ರಿಂದ ಭಾಗ ಆಗ್ತಿಲ್ಲ. ಅರ್ಧ 215, ಆ ಮೊತ್ತದ ಎಂಟ್ರಿ ಇಲ್ಲ. ಸೇಲ್ಸ್, ಪರ್ಚೇಸ್, ರಿಟರ್ನ್ಸ್ ಹನ್ನೆರಡೂ ತಿಂಗಳ ಟೋಟಲ್ ಜನರಲ್ ಲೆಡ್ಜರ್ ಜೊತೆ ಹೋಲಿಸಿದೆ, ಎಲ್ಲ ಸರಿ ಇದೆ.

ಗೋಕುಲ್_ರೋಡ್

ಏ ಬಿಡ್ರಿ ಅತ್ಲಾಗ, 61 ಲಕ್ಷದಾಗ 430 ರೂಪಾಯಿ ಅಂದ್ರ ಏನ್ ದೊಡ್ಡದು. ಇತರೆ ಖರ್ಚಿಗೆ ಹಾಕಿ ಕೈ ತೊಳ್ಕೋರಿ. ನಾವು ಹುಬ್ಬಳ್ಯಾಗ ಐನೂರರ ಒಳಗಿದ್ರ ಹುಡುಕಾಕ ಹೋಗಂಗಿಲ್ರಿ, ಹುಡುಕೋ ಮಂದಿ ಪಗಾರನ ಅದಕ್ಕಿಂತ ಜಾಸ್ತಿ ಆಗ್ತದ.

ಮೈಸೂರ್_ಅಕೌಂಟ್ಸ್

ನಂಗೂ ಹಂಗೇ ಅನ್ಸತ್ತೆ, ಆಡಿಟರ್ ಕೂಡ 430ಕ್ಕೆ ಏನೂ ಅನ್ನಲ್ಲ.

ಹಳೇ_ಖತಾವಣಿ

ಗೋಕುಲ್ ರೋಡಿನವರೇ, ಒಂದೇ ಒಂದು 430ರ ತಪ್ಪು ಅಂತ ಖಾತ್ರಿ ಇದ್ರೆ ನಿಮ್ಮ ಮಾತಿಗೆ ನಾನು ಜಗಳ ಮಾಡಲ್ಲ. ಆದ್ರೆ ಇದು 430ರ ಒಂದು ತಪ್ಪೋ, 50,430 ಒಂದು ಕಡೆ 50,000 ಇನ್ನೊಂದು ಕಡೆ ಹೋಗಿ ಉಳಿದದ್ದೋ ಯಾರಿಗೆ ಗೊತ್ತು? ಸಸ್ಪೆನ್ಸ್ ಬಾಕಿ ಚಿಕ್ಕದು ಅಂದ್ರೆ ತಪ್ಪೂ ಚಿಕ್ಕದು ಅಂತಲ್ಲ. ಜನರಲ್ ಲೆಡ್ಜರ್ ಟೋಟಲ್ ಎಲ್ಲ ಸರಿ ಬಂದಿದೆ ಅಂದ್ರೆ ಅನುಮಾನ ಗಿರಾಕಿ ಲೆಡ್ಜರ್ ಕಡೆಗೇ ತಿರುಗತ್ತೆ, ಅಲ್ಲಿ ತಪ್ಪಿದ್ರೆ ಯಾರೋ ಒಬ್ಬ ಗಿರಾಕಿ ಹತ್ರ ಜಾಸ್ತಿ ಕೇಳ್ತೀವಿ, ಇನ್ನೊಬ್ಬನ ಹತ್ರ ಕಮ್ಮಿ ತಗೋತೀವಿ.

ಹುಡುಗ, ಇನ್ನೊಂದು ಕೆಲಸ. ಗಿರಾಕಿ ಖಾತೆ ಒಂದೂ ತೆಗೀದೆ, ಬರೀ ಮೂಲ ಪುಸ್ತಕಗಳ ಟೋಟಲ್‌ನಿಂದ ಒಟ್ಟು ಉದ್ರಿ ಬಾಕಿ ಎಷ್ಟಿರಬೇಕು ಅಂತ ಒಂದು ಹಾಳೇಲಿ ಹಾಕಿ. ಏಪ್ರಿಲ್ 1ರ ಒಟ್ಟು ಬಾಕಿ, ಅದಕ್ಕೆ ವರ್ಷದ ಉದ್ರಿ ಮಾರಾಟ ಕೂಡಿಸಿ, ವಸೂಲಿ, ಕೊಟ್ಟ ಡಿಸ್ಕೌಂಟ್, ವಾಪಸ್ ಬಂದ ಮಾಲು ಕಳೀರಿ. ಬಂದದ್ದನ್ನ ಟ್ರಯಲ್ ಬ್ಯಾಲೆನ್ಸ್‌ಗೆ ಹಾಕಿರೋ ಗಿರಾಕಿಗಳ ಪಟ್ಟಿ ಟೋಟಲ್ ಜೊತೆ ಹೋಲಿಸಿ.

ತೆಂಗಿನತೋಟ_ಹುಡುಗ

ಸರ್ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ವ್ಯತ್ಯಾಸ ಬರ್ತಿದೆ!! ಕೈಕಾಲು ನಡುಗ್ತಿದೆ.

ಹಳೇ_ಖತಾವಣಿ

ಗಾಬರಿ ಬೇಡ, ಜಿಎಸ್‌ಟಿ ಬಿಟ್ಟು ಬರೀ ಮಾಲಿನ ಬೆಲೆ ತಗೊಂಡಿರ್ತೀರಿ. ಗಿರಾಕಿ ಖಾತೆಗೆ ಹತ್ತಿಸೋದು ಟ್ಯಾಕ್ಸ್ ಸೇರಿದ ಬಿಲ್ ಮೊತ್ತ, ಹಂಗಾಗಿ ಇಲ್ಲೂ ಅದೇ ಕಾಲಂ ತಗೋಬೇಕು. ವಾಪಸ್ ಮಾಲಿಗೂ ಅಷ್ಟೇ.

ತೆಂಗಿನತೋಟ_ಹುಡುಗ

ಹೌದು ಸರ್ ಅದೇ ಮಾಡಿದ್ದೆ. ಈಗ ಸರಿ ಬಂತು, ಅಂದ್ರೆ ಸರಿಯಾದ ತಪ್ಪು ಬಂತು.

ಆರಂಭ 6,84,200, ಮಾರಾಟ 31,46,850, ವಸೂಲಿ 29,71,300, ಡಿಸ್ಕೌಂಟ್ 46,900, ವಾಪಸ್ 28,450. ಇರಬೇಕಾದ ಬಾಕಿ 7,84,400. ಪಟ್ಟಿ ಟೋಟಲ್ 7,83,970. ವ್ಯತ್ಯಾಸ ಕರೆಕ್ಟಾಗಿ 430! ಅಂದ್ರೆ ಮಿಕ್ಕಿದ್ದೆಲ್ಲ ಬಿಟ್ಟು ಈ ಎರಡು ಗಿರಾಕಿ ಲೆಡ್ಜರ್‌ನಲ್ಲೇ ಇದೆ ಅಂತ ಆಯ್ತಲ್ಲ.

ಹಳೇ_ಖತಾವಣಿ

ಹೌದು. ಮಿಕ್ಕ ಕಡೆ ಒಂದಕ್ಕೊಂದು ಹೊಡೆದುಕೊಂಡಿರೋ ತಪ್ಪು ಇರಬಹುದು, ಆದ್ರೆ ಸಸ್ಪೆನ್ಸ್‌ನಲ್ಲಿ ಉಳಿದಿರೋದು ಇಲ್ಲಿಂದಲೇ. ಈಗ ಎರಡು ಲೆಡ್ಜರ್ ಇದೆ ಅಂದ್ರಲ್ಲ, ಅದನ್ನೇ ಉಪಯೋಗಿಸಿ. ಮೂಲ ಪುಸ್ತಕದಲ್ಲಿ ಪ್ರತಿ ಎಂಟ್ರಿ ಎದುರು ಲೆಡ್ಜರ್ ಪುಟ ಸಂಖ್ಯೆ ಬರೆದಿರ್ತೀರಿ, ಅದನ್ನ ನೋಡ್ಕೊಂಡು ಒಂದನೇ ಲೆಡ್ಜರ್‌ದು ಎಷ್ಟು, ಎರಡನೇದು ಎಷ್ಟು ಅಂತ ಬೇರೆ ಮಾಡಿ, ಇದೇ ಲೆಕ್ಕ ಎರಡು ಸಲ ಹಾಕಿ. ಕ್ಯಾಲ್ಕುಲೇಟರ್ ಕೆಲಸ ಜಾಸ್ತಿ, ಆದ್ರೂ ಎಲ್ಲಾ ಪೋಸ್ಟಿಂಗ್ ಟಿಕ್ ಹಾಕೋದಕ್ಕಿಂತ ವಾಸಿ.

ತೆಂಗಿನತೋಟ_ಹುಡುಗ

ಎರಡು ದಿನ ಹಿಡೀತು, ಅದಕ್ಕೇ ಈ ಕಡೆ ಬರ್ಲಿಲ್ಲ. ಕೆಲವು ಕಡೆ ಪುಟ ಸಂಖ್ಯೇನೇ ಬರ್ದಿರ್ಲಿಲ್ಲ ಮುಂಚೆ ಇದ್ದವರು, ಹೆಸರು ನೋಡಿ ಬೇರೆ ಮಾಡಿದೆ. ಫಲಿತಾಂಶ ನೋಡಿ ಸರ್: ಒಂದನೇ ಲೆಡ್ಜರ್ 900 ಕಮ್ಮಿ ಇದೆ. ಎರಡನೇ ಲೆಡ್ಜರ್ 470 ಜಾಸ್ತಿ ಇದೆ. 430 ಅಂತ ಒಂದು ತಪ್ಪು ಇರ್ಲೇ ಇಲ್ಲ!

ಗೋಕುಲ್_ರೋಡ್

ಅಬ್ಬಬ್ಬಾ. ಸರಿ ಬಿಡ್ರಿ, ನನ್ ಮಾತು ವಾಪಸ್.

ಬಿಕಾಂ_ಬಾಯ್

900ನ 9ರಿಂದ ಭಾಗಿಸಿದ್ರೆ 100!! ಒಂದೇ ಅಂಕಿ, ಹಿಂದೆ ಸೊನ್ನೆ, ಹಳೇ ಖತಾವಣಿ ಸರ್ ಹೇಳಿದಂಗೆ. ಸಾವಿರದ ಅಂಕಿ ನೂರರ ಅಂಕಿ ಅದಲುಬದಲಾಗಿದೆ, ಎರಡರ ಮಧ್ಯೆ ವ್ಯತ್ಯಾಸ 1. ಅಂದ್ರೆ 54 ಬದಲು 45, 76 ಬದಲು 67 ಹಿಂಗೆ ಶುರುವಾಗೋ ಮೊತ್ತ ನೋಡು. ಈ ಸಲ ನನ್ನ ಮಾತು ಕೇಳು.

ಹಳೇ_ಖತಾವಣಿ

ಈ ಸಲ ಕೇಳಬಹುದು. 900ರ ಬಿಲ್ ಒಂದು ಪೂರ್ತಿ ಬಿಟ್ಟುಹೋಗಿರೋದು, 450 ತಪ್ಪು ಕಡೆ ಬಿದ್ದಿರೋದು, ಇವೆರಡನ್ನೂ ಜೊತೇಲೇ ನೋಡ್ಕೊಳಿ. ಎರಡನೇ ಲೆಡ್ಜರ್‌ನಲ್ಲಿ 470 ಇಲ್ಲ 235 ಹುಡುಕಿ. ಬಾಕಿ ಜಾಸ್ತಿ ತೋರಿಸ್ತಿದೆ ಅಂದ್ರೆ ಜಮಾ ಆಗಬೇಕಾದ್ದು ಜಮಾ ಆಗಿಲ್ಲ, ಅದಕ್ಕೇ ವಸೂಲಿ ಮತ್ತೆ ರಿಟರ್ನ್ಸ್ ಕಡೆಯಿಂದ ನೋಡಿ.

ತೆಂಗಿನತೋಟ_ಹುಡುಗ

ಎರಡೂ ಸಿಕ್ತು, ಒಟ್ಟು ಒಂದು ಗಂಟೆ ಅಷ್ಟೇ.

ಒಂದನೇ ಲೆಡ್ಜರ್: ಸೆಪ್ಟೆಂಬರ್‌ನಲ್ಲಿ ಒಬ್ರು ಮೇಸ್ತ್ರಿ ಸಿಮೆಂಟು ಕಬ್ಬಿಣ ತಗೊಂಡಿದ್ದು ಬಿಲ್ 7,650, ಸೇಲ್ಸ್ ಬುಕ್‌ನಲ್ಲಿ ಸರಿ ಇದೆ, ಅವರ ಖಾತೇಲಿ 6,750. ಇದು ನನ್ನ ಅಕ್ಷರ ಅಲ್ಲ :) 

ಎರಡನೇ ಲೆಡ್ಜರ್: ಒಬ್ಬ ರೈತರು ಪಿವಿಸಿ ಎಲ್ಬೋ, ಜಾಯಿಂಟ್ ವಾಪಸ್ ಕೊಟ್ಟಿದ್ದು ಟ್ಯಾಕ್ಸ್ ಸೇರಿ 235, ರಿಟರ್ನ್ಸ್ ಬುಕ್ ಟೋಟಲ್‌ನಲ್ಲಿ ಸೇರಿದೆ, ಆದ್ರೆ ಅವರ ಖಾತೇಲಿ ಕ್ರೆಡಿಟ್ ಬದಲು ಡೆಬಿಟ್ ಕಡೆ ಬರ್ದಿದಾರೆ. ಅವರು ಫೆಬ್ರವರೀಲಿ ಬಂದು ನನ್ ಬಾಕಿ ಜಾಸ್ತಿ ತೋರಿಸ್ತಿದೆ ಕಣಪ್ಪ ಅಂದಿದ್ರು, ಪುಸ್ತಕ ನೋಡಿ ಇಲ್ಲ ಯಜಮಾನ್ರೇ ಸರಿಯಾಗಿದೆ ಅಂತ ನಾನೇ ಕಳಿಸಿದ್ದೆ.

ಹಂಗಾದ್ರೆ ಮೇಸ್ತ್ರಿ ಖಾತೆ ಡೆಬಿಟ್ 900, ಸಸ್ಪೆನ್ಸ್ ಕ್ರೆಡಿಟ್ 900. ಸಸ್ಪೆನ್ಸ್ ಡೆಬಿಟ್ 470, ರೈತರ ಖಾತೆ ಕ್ರೆಡಿಟ್ 470. ಸಸ್ಪೆನ್ಸ್‌ನಲ್ಲಿ ಈಗ ಡೆಬಿಟ್ 8,730 ಮತ್ತೆ 470 ಸೇರಿ 9,200, ಕ್ರೆಡಿಟ್ 8,300 ಮತ್ತೆ 900 ಸೇರಿ 9,200. ಸೊನ್ನೆ!

ಪಿಯು_ಕಾಮರ್ಸ್_2

ವಾವ್. ಸರ್ ಒಂದು ಡೌಟು, ಸಸ್ಪೆನ್ಸ್ ಸೊನ್ನೆ ಆಯ್ತು ಅಂದ್ರೆ ಪುಸ್ತಕ ಪೂರ್ತಿ ಸರಿ ಅಂತ ತಾನೇ?

ತೆಂಗಿನತೋಟ_ಹುಡುಗ

ಅದನ್ನೇ ನಾನೂ ಕೇಳೋಣ ಅಂತಿದ್ದೆ, ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಅಂಗಡಿಗೆ ಕಬ್ಬಿಣದ ರ‍್ಯಾಕ್ ಮಾಡಿಸಿದ್ದು 12,500, ಅದನ್ನ ಪರ್ಚೇಸ್ ಖಾತೆಗೆ ಹಾಕಿದಾರೆ. ಇದನ್ನೂ ಸಸ್ಪೆನ್ಸ್ ಮೂಲಕ ಸರಿ ಮಾಡಲಾ? ಮಾಡಿದ್ರೆ ಸಸ್ಪೆನ್ಸ್ ಮತ್ತೆ ಎದ್ದು ಕೂರತ್ತೆ.

ಹಳೇ_ಖತಾವಣಿ

ಎದ್ದು ಕೂರತ್ತೆ ಅನ್ನೋದೇ ಉತ್ತರ. ರ‍್ಯಾಕ್ 12,500 ಡೆಬಿಟ್ ಆಗಿದೆ, ತಪ್ಪು ಖಾತೇಲಿ ಆಗಿದೆ ಅಷ್ಟೇ, ಡೆಬಿಟ್ ಟೋಟಲ್‌ಗೆ ಏನೂ ಕೊರತೆ ಇಲ್ಲ. ಅದರ ಪಾಲು ಸಸ್ಪೆನ್ಸ್‌ನಲ್ಲಿ ಯಾವತ್ತೂ ಇರ್ಲಿಲ್ಲ. ಫರ್ನಿಚರ್ ಖಾತೆ ಡೆಬಿಟ್, ಪರ್ಚೇಸ್ ಖಾತೆ ಕ್ರೆಡಿಟ್, ಮುಗೀತು. ಇಂಥವು ಇನ್ನೆಷ್ಟಿದ್ರೂ ಟ್ರಯಲ್ ಬ್ಯಾಲೆನ್ಸ್ ನಗ್ತಾ ತಾಳೆ ಆಗತ್ತೆ. ಪೂರ್ತಿ ಬರೆಯೋದೇ ಮರೆತ ಬಿಲ್ ಇದ್ರೂ ಅಷ್ಟೇ. ಪಿಯು ಅಮ್ಮಂಗೂ ಇದೇ ಉತ್ತರ.

ರ‍್ಯಾಕ್‌ದು ಪಕ್ಕಕ್ಕಿಟ್ಟು ಹುಡುಗ ಒಂದು ಪರೀಕ್ಷೆ ಮಾಡ್ಕೊಳಿ. ಲಾಭ ಎಷ್ಟು ಇಳೀತು?

ತೆಂಗಿನತೋಟ_ಹುಡುಗ

ಡಿಸ್ಕೌಂಟ್ ಎರಡೂ ಸೇರಿ 8,300 ಇಳೀತು. ಬ್ಯಾಲೆನ್ಸ್ ಶೀಟಲ್ಲಿ ಸಸ್ಪೆನ್ಸ್ 8,730 ಹೋಯ್ತು, ಗಿರಾಕಿ ಬಾಕಿ 430 ಏರ್ತು, ಅಲ್ಲೂ 8,300. ಹೊಂದ್ಕೊಳತ್ತೆ ಸರ್! ಮೇಸ್ತ್ರಿ, ರೈತರ ತಪ್ಪಿಂದ ಲಾಭಕ್ಕೆ ಏನೂ ಆಗಿಲ್ಲ.

ಮೈಸೂರ್_ಅಕೌಂಟ್ಸ್

ಈ ವರ್ಷದ ಪುಸ್ತಕ ಇನ್ನೂ ಮುಚ್ಚಿಲ್ಲ ಅಂತ ಇಷ್ಟು ಸುಲಭ ಆಯ್ತು. ಹೋದ ವರ್ಷವೇ ಲಾಭ ತೆಗೆದು ಮುಗಿಸಿ ಸಸ್ಪೆನ್ಸ್‌ನ ಮುಂದಕ್ಕೆ ತಂದಿದ್ರೆ ಡಿಸ್ಕೌಂಟ್ ಖಾತೆ ಮುಟ್ಟೋಕಾಗ್ತಿರ್ಲಿಲ್ಲ, ಆ 8,300ನ ಪ್ರಾಫಿಟ್ ಅಂಡ್ ಲಾಸ್ ಅಡ್ಜಸ್ಟ್‌ಮೆಂಟ್ ಅಂತ ಬೇರೆ ಖಾತೆಗೆ ತಗೋಬೇಕಿತ್ತು. ಇಲ್ಲಾಂದ್ರೆ ಈ ವರ್ಷದ ಡಿಸ್ಕೌಂಟ್ ಸುಮ್ನೆ ಜಾಸ್ತಿ ಕಾಣ್ತಿತ್ತು.

ತೆಂಗಿನತೋಟ_ಹುಡುಗ

ಈಗ ಕೊನೇ ಪಂಚಾಯ್ತಿ. ರೈತರಿಗೆ ಫೋನ್ ಮಾಡಿ ನಿಮ್ಮ ಖಾತೇಲಿ 470 ಕಮ್ಮಿ ಮಾಡಿದೀವಿ ಅಂದೆ, ನಾನು ಆವತ್ತೇ ಹೇಳಿರ್ಲಿಲ್ವಾ ಅಂತ ನಕ್ರು. ಮೇಸ್ತ್ರಿದು ಕಷ್ಟ. ಅವರು ಮಾರ್ಚ್‌ನಲ್ಲಿ ಬಂದು ಲೆಡ್ಜರ್‌ನಲ್ಲಿದ್ದ ಬಾಕಿ ಪೂರ್ತಿ ಕಟ್ಟಿ, ಲೆಕ್ಕ ಚುಕ್ತಾ ಅಂತ ಯಜಮಾನ್ರ ಕೈಲಿ ಬರೆಸ್ಕೊಂಡು ಹೋಗಿದಾರೆ. ಈಗ 900 ಬಾಕಿ ಇದೆ ಅಂದ್ರೆ ಕೊಡ್ತಾರಾ? ಯಜಮಾನ್ರು ಕೇಳಬೇಡ ಬಿಡು, ಹಳೇ ಗಿರಾಕಿ ಅಂತಿದಾರೆ. ಹಂಗಾದ್ರೆ 900ನ ಮೇಸ್ತ್ರಿ ಖಾತೆಗೆ ಹಾಕೋ ಬದಲು ನೇರ ಸಸ್ಪೆನ್ಸ್‌ನಿಂದ ಖರ್ಚಿಗೆ ಹಾಕಿಬಿಡ್ಲಾ?

ಹಳೇ_ಖತಾವಣಿ

ಬೇಡ. ಮೊದ್ಲು ಮೇಸ್ತ್ರಿ ಖಾತೆಗೇ ಹಾಕಿ, ಅದು ತಪ್ಪಿನ ತಿದ್ದುಪಡಿ. ಆಮೇಲೆ ಯಜಮಾನ್ರು ಬಿಡ್ತೀನಿ ಅಂದ್ರೆ ಬ್ಯಾಡ್ ಡೆಟ್ ಅಂತ ಬೇರೆ ಎಂಟ್ರಿಲಿ ತೆಗೀರಿ, ಅದು ಯಜಮಾನ್ರ ತೀರ್ಮಾನ. ಎರಡನ್ನೂ ಒಂದರಲ್ಲೇ ಸುತ್ತಿದ್ರೆ 7,650ರ ಬಿಲ್‌ಗೆ ಖಾತೇಲಿ 6,750 ಹಂಗೇ ಉಳಿಯತ್ತೆ, ಮುಂದೆ ಯಾರಿಗೂ ಅರ್ಥ ಆಗಲ್ಲ.

ಗೋಕುಲ್_ರೋಡ್

ಬ್ಯಾಡ್ ಡೆಟ್ ಹೆಂಗ ಆಗ್ತದ್ರಿ ಅದು, ಅಂವಾ ಕೊಡಂಗಿಲ್ಲ ಅಂತ ಎಲ್ಲಿ ಅಂದಾನ? ಕೇಳೇ ಇಲ್ಲ ನೀವು. ಮಾಲಕರು ತಾವಾಗೇ ಬಿಟ್ಟಿದ್ದು, ಅದು ಡಿಸ್ಕೌಂಟ್ ಆತು.

ಟ್ಯಾಲಿರಾಣಿ

ಡಿಸ್ಕೌಂಟ್ ಅನ್ನೋಕೆ ದುಡ್ಡು ಕಟ್ಟುವಾಗ ಬಿಡ್ತೀನಿ ಅಂತ ಮಾತಾಗಿರಬೇಕಲ್ವಾ? ಚುಕ್ತಾ ಅಂತ ಬರೆದುಕೊಟ್ಟಾಗ ತಪ್ಪಿದೆ ಅಂತ ಇಬ್ರಿಗೂ ಗೊತ್ತಿರ್ಲಿಲ್ಲ. ನಾನಾದ್ರೆ ಮೊದ್ಲು ಬಿಲ್ ಕಾಪಿ ತೋರಿಸಿ ಕೇಳ್ತೀನಿ, 7,650ರ ಬಿಲ್ ಅವರ ಹತ್ರನೂ ಇರತ್ತೆ.

ತೆಂಗಿನತೋಟ_ಹುಡುಗ

ಮೇಸ್ತ್ರಿ ಸೋಮವಾರ ಪೇಂಟ್ ತಗೊಳೋಕೆ ಬರ್ತಾರಂತೆ. ಬಿಲ್ ಕಾಪಿ ತೆಗೆದಿಟ್ಟಿದೀನಿ, ಯಜಮಾನ್ರು ಅಂಗಡೀಲಿ ಇಲ್ದಾಗ ಬಂದ್ರೆ ಕೇಳ್ತೀನಿ.